ಚಿತ್ರ ತೆಗೆದವರೊಬ್ಬರು, ಅಪ್ಪಣೆ ಕೊಡುವವರು ಇನ್ನೊಬ್ಬರು

1991ರ ನವೆಂಬರ್ 7ರ ‘ನೇಚರ್’ ಸಂಚಿಕೆಯಲ್ಲಿ ಮೂರೇ ಪುಟದ ಒಂದು ಲೇಖನವಿದೆ. ಬರೆದವರು ಜಪಾನಿನ ಎನ್‌ಇಸಿ ಕಂಪನಿಯ ಪ್ರಯೋಗಾಲಯದಲ್ಲಿದ್ದ ಸುಮಿಯೊ ಇಜಿಮಾ. ಅದರ ಮೊದಲನೇ ಚಿತ್ರದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ ಮೂರು ಫೋಟೊಗಳಿವೆ. ಒಂದರೊಳಗೊಂದು ಕೂತ ಇಂಗಾಲದ ಸೂಕ್ಷ್ಮ ಕೊಳವೆಗಳು ಅವು. ಒಂದಕ್ಕೆ ಐದು ಪದರ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಏಳು. ಐದು ಪದರದ ಕೊಳವೆಯ ಅಡ್ಡಳತೆ 6.7 ನ್ಯಾನೊಮೀಟರ್. ಕಾರ್ಬನ್ ನ್ಯಾನೊಟ್ಯೂಬ್ ಎಂಬ ಹೆಸರಿನಲ್ಲಿ ಆಮೇಲೆ ಜಗತ್ತಿನಾದ್ಯಂತ ನಡೆದ ಸಂಶೋಧನೆಗೆ ಈ ಲೇಖನ ದೊಡ್ಡ ತಿರುವು ಕೊಟ್ಟಿತು. ಹಾಗಾಗಿ ಈ ವಿಷಯದಲ್ಲಿ ಪಿಎಚ್‌ಡಿ ಮಾಡುವವರಿಗೆಲ್ಲ ಮೊದಲ ಅಧ್ಯಾಯದಲ್ಲಿ ಆ ಚಿತ್ರ ಹಾಕಿಕೊಳ್ಳುವ ಆಸೆ ಸಹಜ.

ಆಸೆ ತೀರಿಸಿಕೊಳ್ಳುವ ದಾರಿ ಸಾಮಾನ್ಯವಾಗಿ ಇಷ್ಟೇ: ಪಿಡಿಎಫ್ ತೆರೆಯುವುದು, ಸ್ಕ್ರೀನ್‌ಶಾಟ್ ತೆಗೆಯುವುದು, ಪ್ರಬಂಧದಲ್ಲಿ ಅಂಟಿಸಿ ಕೆಳಗೆ ಚೌಕಾವರಣದಲ್ಲಿ ಒಂದು ಉಲ್ಲೇಖ ಸಂಖ್ಯೆ ಹಾಕುವುದು. ಉಲ್ಲೇಖ ಕೊಟ್ಟಾಯಿತಲ್ಲ, ಇನ್ನೇನು ಎಂದು ಕೇಳುವವರು ವಿದ್ಯಾರ್ಥಿಗಳಲ್ಲಷ್ಟೇ ಅಲ್ಲ, ಗೈಡುಗಳಲ್ಲೂ ಇದ್ದಾರೆ. ಆದರೆ ಉಲ್ಲೇಖವೂ ಅನುಮತಿಯೂ ಎರಡು ಬೇರೆ ಬೇರೆ ಲೆಕ್ಕ. ಉಲ್ಲೇಖ ಕೊಡದಿದ್ದರೆ ಅದು ಕೃತಿಚೌರ್ಯ. ಇನ್ನೊಬ್ಬರ ಕೆಲಸವನ್ನು ತನ್ನದೆಂದು ತೋರಿಸಿಕೊಂಡ ತಪ್ಪು. ಅನುಮತಿ ಪಡೆಯದಿದ್ದರೆ ಅದು ಹಕ್ಕುಸ್ವಾಮ್ಯದ ಪ್ರಶ್ನೆ. ಇನ್ನೊಬ್ಬರ ಸ್ವತ್ತನ್ನು, ಅವರ ಹೆಸರು ಹೇಳಿಯೇ, ಕೇಳದೆ ಬಳಸಿದ್ದು. ಮೊದಲನೆಯದನ್ನು ಹಿಡಿಯಲು ವಿಶ್ವವಿದ್ಯಾಲಯಗಳಲ್ಲಿ ಸಾಫ್ಟ್‌ವೇರ್ ಇದೆ. ಅದು ಹೋಲಿಸುವುದು ಅಕ್ಷರಗಳನ್ನು. ಚಿತ್ರಗಳು ಅದರ ಕಣ್ಣಿಗೆ ಬೀಳದೆ ದಾಟಿಹೋಗುತ್ತವೆ, ಹಾಗಾಗಿ ಪರೀಕ್ಷೆ ಪಾಸಾಯಿತೆಂದು ವಿದ್ಯಾರ್ಥಿ ನೆಮ್ಮದಿಯಾಗಿರುತ್ತಾನೆ.

ಹಿಂದೆ ಈ ನೆಮ್ಮದಿಗೆ ಕಾರಣವೂ ಇತ್ತು. ಪ್ರಬಂಧದ ನಾಲ್ಕೈದು ಪ್ರತಿ ಟೈಪಾಗಿ, ರಟ್ಟು ಕಟ್ಟಿಸಿಕೊಂಡು, ಗ್ರಂಥಾಲಯದ ಬೀರು ಸೇರುತ್ತಿತ್ತು. ಅದರೊಳಗಿನ ಚಿತ್ರ ಯಾರದೆಂದು ಲಂಡನ್ನಿನ ಪ್ರಕಾಶಕರಿಗೆ ಗೊತ್ತಾಗುವ ಮಾತೇ ಇರಲಿಲ್ಲ. ಪಿಎಚ್‌ಡಿ ಕುರಿತ 2009ರ ಯುಜಿಸಿ ನಿಯಮಾವಳಿ ಪ್ರಬಂಧದ ಇಲೆಕ್ಟ್ರಾನಿಕ್ ಪ್ರತಿಯನ್ನೂ ಸಲ್ಲಿಸಬೇಕೆಂದು ಹೇಳಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಭಂಡಾರದಲ್ಲಿ ಇಂದು ಮೈಸೂರು, ಧಾರವಾಡ, ಬೆಂಗಳೂರಿನ ಪ್ರಬಂಧಗಳನ್ನು ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ತೆರೆದು ಓದಬಹುದು. ಬೀರುವಿನಲ್ಲಿದ್ದ ಪ್ರತಿ ಈಗ ಊರ ಬಯಲಿಗೆ ಬಂದಿದೆ. ಪ್ರಕಾಶಕರಿಗೆ ಪತ್ರ ಬರೆಯಬೇಕೆಂಬ ಮಾತು ಬಲವಾದದ್ದು ಇಲ್ಲಿಂದ.

ಸೌರಕೋಶಗಳಲ್ಲಿ ಕಾರ್ಬನ್ ನ್ಯಾನೊಟ್ಯೂಬ್ ಇಲೆಕ್ಟ್ರೋಡುಗಳನ್ನು ಬಳಸುವ ಬಗ್ಗೆ ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸುತ್ತಿರುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅವಳ ಮೊದಲ ಅಧ್ಯಾಯದಲ್ಲಿ ಬೇರೆಯವರ ಮೂರು ಚಿತ್ರಗಳಿವೆ. ಒಂದು, ಇಜಿಮಾ ಅವರ ಆ ಫೋಟೊಗಳು. ಎರಡು, ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್ 1961ರಲ್ಲಿ ‘ಜರ್ನಲ್ ಆಫ್ ಅಪ್ಲೈಡ್ ಫಿಸಿಕ್ಸ್’ನಲ್ಲಿ ಪ್ರಕಟಿಸಿದ ಒಂದು ಗ್ರಾಫ್, ಸೌರಕೋಶವೊಂದು ಹೆಚ್ಚೆಂದರೆ ಎಷ್ಟು ದಕ್ಷವಾಗಿರಬಲ್ಲದು ಎಂಬುದನ್ನು ತೋರಿಸುವಂಥದ್ದು. ಮೂರು, ಇತ್ತೀಚಿನ ಒಂದು ಸಮೀಕ್ಷಾ ಲೇಖನದಿಂದ ತೆಗೆದ, ಕೋಶದ ಒಳರಚನೆಯ ಬಣ್ಣದ ಚಿತ್ರ. ಮೂರಕ್ಕೂ ಒಂದೇ ಪತ್ರ ಸಾಕೆಂದು ಅವಳು ಅಂದುಕೊಂಡಿದ್ದಾಳೆ. ಆದರೆ ಮೂರರ ದಾರಿಯೂ ಬೇರೆ ಬೇರೆ.

ಮೊದಲು ಇಜಿಮಾ ಅವರ ಚಿತ್ರವನ್ನೇ ನೋಡೋಣ. ಯಾರನ್ನು ಕೇಳಬೇಕು? ಫೋಟೊ ತೆಗೆದವರನ್ನು ಎಂದು ನಮ್ಮ ಸಾಮಾನ್ಯ ಜ್ಞಾನ ಹೇಳುತ್ತದೆ. ಎಷ್ಟೋ ವಿದ್ಯಾರ್ಥಿಗಳು ಲೇಖಕರಿಗೇ ಇಮೇಲ್ ಬರೆಯುತ್ತಾರೆ, ಲೇಖಕರೂ ಖುಷಿಯಿಂದ “ಧಾರಾಳವಾಗಿ ಬಳಸಿ” ಎಂದು ಉತ್ತರಿಸುತ್ತಾರೆ. ಆ ಉತ್ತರ ಹಲವು ಸಲ ಕಾನೂನಿನಲ್ಲಿ ನಿಲ್ಲುವುದಿಲ್ಲ. ಲೇಖನ ಅಚ್ಚಾಗುವ ಮೊದಲು ಲೇಖಕ ಒಂದು ಕರಾರಿಗೆ ಸಹಿ ಹಾಕಿರುತ್ತಾನೆ. ಅದರಲ್ಲಿ ಹಕ್ಕುಸ್ವಾಮ್ಯವನ್ನು ಪ್ರಕಾಶಕರಿಗೆ ವರ್ಗಾಯಿಸಿರುತ್ತಾನೆ, ಇಲ್ಲವೇ ಹಕ್ಕನ್ನು ತನ್ನ ಹೆಸರಿನಲ್ಲಿಟ್ಟುಕೊಂಡು ಪ್ರಕಟಿಸುವ ಏಕಸ್ವಾಮ್ಯವನ್ನು ಮಾತ್ರ ಬರೆದುಕೊಟ್ಟಿರುತ್ತಾನೆ. ಎರಡನೆಯ ಬಗೆಯಲ್ಲಿ ಪುಟದ ಕೆಳಗೆ ಲೇಖಕನ ಹೆಸರೇ ಕಂಡರೂ ಮೂರನೆಯವರಿಗೆ ಅಪ್ಪಣೆ ಕೊಡುವ ಅಧಿಕಾರ ಅವನ ಕೈಯಲ್ಲಿ ಉಳಿದಿರುವುದಿಲ್ಲ. ತಾನೇ ತೆಗೆದ ಫೋಟೊವನ್ನು ತನ್ನ ಮುಂದಿನ ಪುಸ್ತಕದಲ್ಲಿ ಹಾಕಲು ಪ್ರಕಾಶಕರಿಗೆ ಅರ್ಜಿ ಹಾಕಬೇಕಾದ ವಿಜ್ಞಾನಿಗಳಿದ್ದಾರೆ. ಇದು ನ್ಯಾಯವೇ ಎಂದು ಕೇಳಿದರೆ ನನ್ನ ಉತ್ತರ, ಅಲ್ಲ. ಆದರೆ ಪ್ರಬಂಧ ಸಲ್ಲಿಸುವ ಗಡಿಬಿಡಿಯಲ್ಲಿರುವ ವಿದ್ಯಾರ್ಥಿನಿ ಆ ಜಗಳವನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ.

ಪ್ರಕಾಶಕರನ್ನು ಕೇಳಬೇಕು, ಸರಿ. ಯಾವ ಪ್ರಕಾಶಕರು? 1991ರಲ್ಲಿ ‘ನೇಚರ್’ ಮ್ಯಾಕ್‌ಮಿಲನ್ ಬಳಗದ ಪತ್ರಿಕೆ. 2015ರಲ್ಲಿ ಆ ಬಳಗದ ವಿಜ್ಞಾನ ವಿಭಾಗ ಸ್ಪ್ರಿಂಗರ್ ಜೊತೆ ಕೂಡಿ ಸ್ಪ್ರಿಂಗರ್ ನೇಚರ್ ಆಯಿತು. ಹಳೆಯ ಸಂಚಿಕೆಯ ಒಳಪುಟದ ವಿಳಾಸಕ್ಕೆ ಪತ್ರ ಹಾಕಿದರೆ ಪ್ರಯೋಜನವಿಲ್ಲ. ಹಕ್ಕು ಇವತ್ತು ಯಾರಲ್ಲಿದೆಯೋ ಅವರನ್ನೇ ಹುಡುಕಬೇಕು. ಸುಲಭದ ಉಪಾಯವೆಂದರೆ ಲೇಖನದ ಡಿಒಐ ಸಂಖ್ಯೆ. ಈ ಲೇಖನದ್ದು 10.1038/354056a0. ಪತ್ರಿಕೆ ಕೈ ಬದಲಾದರೂ ಡಿಒಐ ಬದಲಾಗುವುದಿಲ್ಲ, ಈಗಿನ ಮಾಲೀಕರ ಪುಟಕ್ಕೇ ಅದು ಕರೆದೊಯ್ಯುತ್ತದೆ.

ಹಳೆಯದಾದ್ದರಿಂದ ಯಾರ ಹಕ್ಕೂ ಉಳಿದಿರಲಿಕ್ಕಿಲ್ಲ ಎಂಬ ಭ್ರಮೆಯೂ ಇದೆ. ಭಾರತದ ಕಾನೂನಿನಲ್ಲಿ ಬರವಣಿಗೆಯ ಹಕ್ಕು ಲೇಖಕ ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಸಿ.ವಿ. ರಾಮನ್ ನಿಧನರಾದದ್ದು 1970ರಲ್ಲಿ. ಅವರ ಬರಹಗಳ ಹಕ್ಕು 2030ರ ಕೊನೆಯವರೆಗೂ ಜೀವಂತ. 1927ರಲ್ಲಿ ತೀರಿಕೊಂಡ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಂದ ಶಾಸನದ ಪಡಿಯಚ್ಚನ್ನು ತೆಗೆದುಕೊಳ್ಳುವ ಕನ್ನಡ ಎಂ.ಎ., ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾತ್ರ ಈ ಚಿಂತೆ ಇಲ್ಲ, ಆ ಅವಧಿ ಎಂದೋ ಮುಗಿದಿದೆ. 1991 ಎಂಬುದು ಹಕ್ಕುಸ್ವಾಮ್ಯದ ಲೆಕ್ಕದಲ್ಲಿ ನಿನ್ನೆ ಮೊನ್ನೆ.

ಇನ್ನು ಪತ್ರ. ಇಂಗ್ಲಿಷಿನಲ್ಲೇ ಹೋಗಬೇಕಾದ ಅದರ ಒಳಮಾತು ಕನ್ನಡದಲ್ಲಿ ಹೀಗಿರುತ್ತದೆ:

“ಮಾನ್ಯರೇ,

ನಾನು ಇಂಥ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ. ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಈ ಕೆಳಗಿನ ಚಿತ್ರವನ್ನು ನನ್ನ ಮಹಾಪ್ರಬಂಧದಲ್ಲಿ ಮರುಮುದ್ರಿಸಲು ಅನುಮತಿ ಕೋರುತ್ತೇನೆ.

ಚಿತ್ರ 1, ಎ, ಬಿ, ಸಿ ಮೂರೂ ಭಾಗಗಳು, ಪುಟ 56. ಲೇಖಕರು: ಎಸ್. ಇಜಿಮಾ. ಲೇಖನ: ‘ಹೆಲಿಕಲ್ ಮೈಕ್ರೊಟ್ಯೂಬ್ಯೂಲ್ಸ್ ಆಫ್ ಗ್ರಾಫಿಟಿಕ್ ಕಾರ್ಬನ್’. ನೇಚರ್, ಸಂಪುಟ 354, ಪುಟ 56ರಿಂದ 58, 1991.

ಚಿತ್ರವನ್ನು ಯಾವ ಬದಲಾವಣೆಯೂ ಇಲ್ಲದೆ, ಮೊದಲ ಅಧ್ಯಾಯದಲ್ಲಿ, ನ್ಯಾನೊಟ್ಯೂಬಿನ ರಚನೆಯನ್ನು ವಿವರಿಸುವಲ್ಲಿ ಬಳಸುತ್ತೇನೆ. ಪ್ರಬಂಧದ ಹೆಸರು ಇಂಥದ್ದು. ಸಲ್ಲಿಸುವ ತಿಂಗಳು ಇಂಥದ್ದು. ಪರೀಕ್ಷಕರಿಗೂ ಗ್ರಂಥಾಲಯಕ್ಕೂ ಮುದ್ರಿತ ಪ್ರತಿಗಳು ಹೋಗುತ್ತವೆ. ವಿಶ್ವವಿದ್ಯಾಲಯದ ನಿಯಮದಂತೆ ಇಲೆಕ್ಟ್ರಾನಿಕ್ ಪ್ರತಿ ಶೋಧಗಂಗಾ ಎಂಬ ರಾಷ್ಟ್ರೀಯ ಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ಓದಲು ಸಿಗುತ್ತದೆ. ಪ್ರಬಂಧ ಮಾರಾಟಕ್ಕಲ್ಲ.

ಚಿತ್ರದ ಕೆಳಗೆ ನೀವು ಸೂಚಿಸುವ ಕೃತಜ್ಞತೆಯ ಸಾಲನ್ನು ಹಾಗೆಯೇ ಹಾಕುತ್ತೇನೆ. ಈ ಚಿತ್ರದ ಹಕ್ಕು ನಿಮ್ಮಲ್ಲಿ ಇಲ್ಲದಿದ್ದರೆ ಯಾರಲ್ಲಿದೆ ಎಂದು ತಿಳಿಸಬೇಕಾಗಿ ವಿನಂತಿ.”

ಇಷ್ಟೇ. ಪತ್ರ ಒಂದು ಪುಟ ದಾಟಬೇಕಿಲ್ಲ. ಅನುಮತಿ ವಿಭಾಗದಲ್ಲಿ ಇದನ್ನು ಓದುವ ವ್ಯಕ್ತಿ ನ್ಯಾನೊಟ್ಯೂಬ್ ಬಲ್ಲವನಲ್ಲ. ಸಂಶೋಧನೆಯ ಮಹತ್ವ, ಗೈಡಿನ ಬಿರುದಾವಳಿ, ಈ ಚಿತ್ರವಿಲ್ಲದೆ ಪ್ರಬಂಧವೇ ಅಪೂರ್ಣ ಎಂಬ ಅಳಲು, ಯಾವುದೂ ಅವನಿಗೆ ಬೇಡ. ಅವನಿಗೆ ಗೊತ್ತಾಗಬೇಕಾದದ್ದು ಎರಡು ಸಂಗತಿ: ಯಾವ ಚಿತ್ರ, ಯಾವ ಬಳಕೆ. ಅವೆರಡನ್ನೂ ಮರುಪ್ರಶ್ನೆಗೆ ಎಡೆಯಿಲ್ಲದಂತೆ ಹೇಳಿದರೆ ಅವನು ಅಲ್ಲೇ ಹೂಂ ಎನ್ನಬಹುದು. ಒಂದನ್ನು ಮಸುಕಾಗಿ ಹೇಳಿದರೂ ಅವನು ತಿರುಗಿ ಕೇಳುತ್ತಾನೆ, ಇಲ್ಲವೇ ಪತ್ರ ಕಡತದ ತಳ ಸೇರುತ್ತದೆ.

“ನಿಮ್ಮ ಲೇಖನದ ಕೆಲವು ಚಿತ್ರಗಳು” ಎಂದು ಬರೆಯುವುದು ಈ ಮಸುಕಿನ ಮಾದರಿ. ಚಿತ್ರದ ಸಂಖ್ಯೆ ಬೇಕು. ಚಿತ್ರದೊಳಗೆ ಭಾಗಗಳಿದ್ದರೆ ಯಾವ ಭಾಗ ಎಂಬುದೂ ಬೇಕು. ಒಂದೇ ಚಿತ್ರದಲ್ಲಿ ‘ಎ’ ಲೇಖಕರದ್ದೂ ‘ಬಿ’ ಇನ್ನೊಬ್ಬರಿಂದ ಪಡೆದದ್ದೂ ಆಗಿರುವ ಸಂಭವವಿದೆ.

ಬಳಕೆಯ ಸಾಲುಗಳಲ್ಲಿ ಜನ ಹೆಚ್ಚಾಗಿ ಮರೆಯುವುದು ಇಲೆಕ್ಟ್ರಾನಿಕ್ ಪ್ರತಿಯನ್ನು. ಕೇಳಿದ್ದು ಮುದ್ರಿತ ಪ್ರತಿಗೆ ಮಾತ್ರ ಎಂದಾದರೆ ಸಿಗುವ ಅಪ್ಪಣೆಯೂ ಅಷ್ಟಕ್ಕೇ. ಶೋಧಗಂಗಾ ಹೆಸರನ್ನು ಎತ್ತಿ ಹೇಳಬೇಕೆಂದು ನಾನು ಒತ್ತಾಯಿಸುವುದಕ್ಕೆ ಕಾರಣವಿದೆ. ದೊಡ್ಡ ಪ್ರಕಾಶಕರ ಸಿದ್ಧ ಷರತ್ತುಗಳು ಬರೆದಿರುವುದು ಅವರಿಗೆ ಪರಿಚಿತವಾದ ಜಗತ್ತನ್ನು ನೋಡಿಕೊಂಡು. ಎಲ್ಸೆವಿಯರ್‌ನ ಷರತ್ತುಗಳಲ್ಲಿ ಪ್ರಬಂಧವನ್ನು ಮುದ್ರಿತ ಅಥವಾ ಇಲೆಕ್ಟ್ರಾನಿಕ್ ರೂಪದಲ್ಲಿ ತನ್ನ ಸಂಸ್ಥೆಗೆ ಸಲ್ಲಿಸಬಹುದು ಎಂದಿದೆ. ಕೆನಡಾದ ರಾಷ್ಟ್ರೀಯ ಗ್ರಂಥಾಲಯ, ಪ್ರೊಕ್ವೆಸ್ಟ್ ಕಂಪನಿ ಇವು ಬಿಡಿ ಪ್ರತಿಗಳನ್ನು ಒದಗಿಸಬಹುದು ಎಂದೂ ಇದೆ. ಕೆನಡಾದ ಭಂಡಾರ ನೆನಪಾದವರಿಗೆ ಗಾಂಧಿನಗರದ್ದು ನೆನಪಾಗದಿದ್ದರೆ, ನೆನಪಿಸುವ ಕೆಲಸ ಪತ್ರದ್ದು.

“ಯಾವ ಬದಲಾವಣೆಯೂ ಇಲ್ಲದೆ” ಎಂಬ ಮಾತನ್ನೂ ಸುಮ್ಮನೆ ಬರೆಯಬಾರದು. ಬಾಣದ ಗುರುತು ಹಾಕುವುದು, ಬಣ್ಣ ತುಂಬುವುದು, ಅಂಚು ಕತ್ತರಿಸಿ ಒಂದು ಭಾಗವನ್ನಷ್ಟೇ ದೊಡ್ಡದು ಮಾಡುವುದು, ಅಕ್ಷದ ಹೆಸರನ್ನು ಕನ್ನಡಕ್ಕೆ ಬದಲಿಸುವುದು ಎಲ್ಲವೂ ಮಾರ್ಪಾಡೇ. ಮಾಡುವುದಿದ್ದರೆ ಪತ್ರದಲ್ಲಿ ಹೇಳಿ, ಚಿತ್ರದ ಕೆಳಗೂ ‘ಅನುಮತಿಯೊಂದಿಗೆ ಮಾರ್ಪಡಿಸಿದ್ದು’ ಎಂದು ಬರೆಯಬೇಕು. ಎರಡು ಬಾಣ ಹಾಕಿದ ಕೂಡಲೇ ಚಿತ್ರ ನಮ್ಮದಾಗಿಬಿಡುತ್ತದೆ, ಅಪ್ಪಣೆ ಬೇಡ ಎಂಬ ನಂಬಿಕೆ ಸಂಶೋಧನಾ ವಿದ್ಯಾರ್ಥಿಗಳ ಹಾಸ್ಟೆಲ್ಲುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದಿದೆ. ಅದಕ್ಕೆ ಆಧಾರವಿಲ್ಲ.

ಇನ್ನೊಂದು ಸಾಲು ಕೆಲವು ಮಾದರಿ ಪತ್ರಗಳಲ್ಲಿ ಕಾಣುತ್ತದೆ: “ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ನಿಮ್ಮ ಒಪ್ಪಿಗೆ ಇದೆಯೆಂದು ಭಾವಿಸುತ್ತೇನೆ.” ಮೌನವೇ ಸಮ್ಮತಿ ಎಂಬುದು ಹಳೆಯ ಕಾಲದ ಮದುವೆ ಮಾತುಕತೆಗೆ ನಡೆಯುತ್ತಿತ್ತೇನೋ, ಹಕ್ಕುಸ್ವಾಮ್ಯದಲ್ಲಿ ನಡೆಯುವುದಿಲ್ಲ. ಉತ್ತರ ಬರದಿದ್ದರೆ ಅನುಮತಿ ಸಿಕ್ಕಿಲ್ಲವೆಂದೇ ಅರ್ಥ. ಆ ಸಾಲು ಪತ್ರ ಓದುವವನನ್ನು ಕೆರಳಿಸುವುದು ಬಿಟ್ಟು ಬೇರೇನೂ ಮಾಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಮಾಧಾನದ ಸಂಗತಿ: ಇಜಿಮಾ ಅವರ ಚಿತ್ರಕ್ಕೆ ಇವತ್ತು ಈ ಪತ್ರವನ್ನು ಬರೆದು ಕೂರಬೇಕಿಲ್ಲ. ‘ನೇಚರ್’ನ ಲೇಖನದ ಪುಟದಲ್ಲೇ ಅನುಮತಿಯ ಕೊಂಡಿ ಇದೆ. ಒತ್ತಿದರೆ ‘ರೈಟ್ಸ್‌ಲಿಂಕ್’ ಎಂಬ ವ್ಯವಸ್ಥೆ ತೆರೆದುಕೊಳ್ಳುತ್ತದೆ. ಅಮೆರಿಕದ ಕಾಪಿರೈಟ್ ಕ್ಲಿಯರೆನ್ಸ್ ಸೆಂಟರ್ ಎಂಬ ಸಂಸ್ಥೆ ಹಲವು ಪ್ರಕಾಶಕರ ಪರವಾಗಿ ನಡೆಸುವ ವ್ಯವಸ್ಥೆ ಅದು. ಅಲ್ಲಿ ಬರುವ ಫಾರಂ ಮೇಲಿನ ಪತ್ರವನ್ನೇ ತುಂಡು ತುಂಡಾಗಿ ಕೇಳುತ್ತದೆ. ಯಾವ ಬಗೆಯ ಬಳಕೆ? ಪ್ರಬಂಧ. ಕೇಳುವವರು ಯಾರು? ವಿಶ್ವವಿದ್ಯಾಲಯ. ಲೇಖನದ ಯಾವ ಭಾಗ? ಚಿತ್ರ. ಎಷ್ಟು? ಒಂದು. ಮುದ್ರಣವೋ ಇಲೆಕ್ಟ್ರಾನಿಕ್ಕೋ? ಎರಡೂ. ಅನುವಾದ ಮಾಡುತ್ತೀರಾ? ಇಲ್ಲ. ಲೇಖಕರು ನೀವೇನಾ? ಅಲ್ಲ. ಕೊನೆಗೆ ಪ್ರಬಂಧದ ಹೆಸರು, ಸಂಸ್ಥೆ, ಸಲ್ಲಿಸುವ ತಿಂಗಳು. ಪ್ರಬಂಧಕ್ಕಾದರೆ ಬೆಲೆಯ ಜಾಗದಲ್ಲಿ ಸಾಮಾನ್ಯವಾಗಿ ಸೊನ್ನೆ ಡಾಲರ್ ಬರುತ್ತದೆ. ಒಪ್ಪಿದರೆ ಲೈಸೆನ್ಸ್ ಸಂಖ್ಯೆ ಇರುವ ಒಂದು ಪಿಡಿಎಫ್ ಇಮೇಲಿಗೆ ಬಂದು ಬೀಳುತ್ತದೆ.

ಇಲ್ಲೂ ಎಡವುವವರಿದ್ದಾರೆ. ಬಳಕೆಯ ಪಟ್ಟಿಯಲ್ಲಿ ‘ಪ್ರಬಂಧ’ದ ಬದಲು ‘ಪುಸ್ತಕ’ ಆರಿಸಿದರೆ ಸೊನ್ನೆ ಇದ್ದಲ್ಲಿ ಶುಲ್ಕ ಕಾಣಿಸಿಕೊಳ್ಳಬಹುದು. ‘ಚಿತ್ರ’ದ ಬದಲು ‘ಇಡೀ ಲೇಖನ’ ಆರಿಸಿದರೆ ಬೇಡದ ವಸ್ತುವಿಗೆ ಲೈಸೆನ್ಸ್ ಸಿಕ್ಕಿರುತ್ತದೆ. ಮೊತ್ತ ಅನುಮಾನ ಹುಟ್ಟಿಸುವಂತಿದ್ದರೆ ಕಾರ್ಡ್ ತೆಗೆಯುವ ಮೊದಲು ಒಂದೊಂದು ಉತ್ತರವನ್ನೂ ಮತ್ತೆ ನೋಡಬೇಕು. ಎಲ್ಲ ಪ್ರಕಾಶಕರಿಗೂ ಈ ಲೈಸೆನ್ಸ್ ಬೇಕೆಂದೂ ಇಲ್ಲ. ಇಂಜಿನಿಯರುಗಳ ಸಂಸ್ಥೆ ಐಇಇಇ, ಪ್ರಬಂಧದಲ್ಲಿ ತನ್ನ ಚಿತ್ರ ಬಳಸುವವರಿಂದ ವಿಧ್ಯುಕ್ತ ಪರವಾನಗಿ ಕೇಳುವುದೇ ಇಲ್ಲ. ಪ್ರತಿ ಚಿತ್ರದ ಬಳಿ ಪ್ರಕಟಣೆಯ ವರ್ಷ ಮತ್ತು ಸಂಸ್ಥೆಯ ಹೆಸರಿರುವ ಹಕ್ಕುಸ್ವಾಮ್ಯದ ಸಾಲು ಎದ್ದು ಕಾಣಬೇಕು ಎನ್ನುತ್ತದೆ, ಅಷ್ಟೆ. ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ ಗುರುತಿನಡಿ ಪ್ರಕಟವಾದ ಲೇಖನಗಳಿಗೆ, ಉದಾಹರಣೆಗೆ ಪ್ಲಾಸ್ ಪತ್ರಿಕೆಗಳಿಗೆ, ಪತ್ರವೇ ಬೇಡ. ಅಪ್ಪಣೆಯನ್ನು ಮುಂಚೆಯೇ ಎಲ್ಲರಿಗೂ ಕೊಟ್ಟಾಗಿದೆ. ಲೇಖಕರ ಹೆಸರು, ಮೂಲ, ಲೈಸೆನ್ಸಿನ ಹೆಸರು ಹಾಕಿ, ಬದಲಾವಣೆ ಮಾಡಿದ್ದರೆ ಅದನ್ನೂ ಹೇಳಿದರೆ ಆಯಿತು. ಆದರೆ ಅದೇ ಗುರುತಿನ ಜೊತೆ ‘ಎನ್‌ಡಿ’ ಎಂಬ ಎರಡಕ್ಷರ ಸೇರಿದ್ದರೆ ಮಾರ್ಪಡಿಸಿದ ಚಿತ್ರವನ್ನು ಹಂಚುವಂತಿಲ್ಲ.

ಎರಡನೆಯ ಚಿತ್ರ ಶಾಕ್ಲಿ ಮತ್ತು ಕ್ವೈಸರ್ ಅವರ ಗ್ರಾಫ್. ಇದಕ್ಕೂ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್‌ನ ಪ್ರಕಾಶನದಿಂದ ಅನುಮತಿ ಕೇಳಬಹುದು. ನಾನಾಗಿದ್ದರೆ ಕೇಳುವುದಿಲ್ಲ. ಹಕ್ಕುಸ್ವಾಮ್ಯ ಕಾಯುವುದು ಅಭಿವ್ಯಕ್ತಿಯನ್ನು. ಅದರ ಹಿಂದಿನ ವಿಚಾರವನ್ನಾಗಲಿ ಅಂಕಿಗಳನ್ನಾಗಲಿ ಅಲ್ಲ. ಶಾಕ್ಲಿ ಮತ್ತು ಕ್ವೈಸರ್ ಸೂರ್ಯನನ್ನು 6000 ಕೆಲ್ವಿನ್ ಉಷ್ಣತೆಯ ಕಪ್ಪುಕಾಯವೆಂದೂ ಕೋಶವನ್ನು 300 ಕೆಲ್ವಿನ್ ಎಂದೂ ಹಿಡಿದು, ಅರೆವಾಹಕದ ಶಕ್ತಿಯ ಅಂತರ 1.1 ಇಲೆಕ್ಟ್ರಾನ್ ವೋಲ್ಟ್ ಇದ್ದಾಗ ದಕ್ಷತೆಯ ಮಿತಿ ಶೇ 30 ಎಂದು ಲೆಕ್ಕ ಹಾಕಿದರು. ಆ ಸಮೀಕರಣಗಳು ಯಾರ ಸ್ವತ್ತೂ ಅಲ್ಲ. ವಿದ್ಯಾರ್ಥಿನಿ ಅವನ್ನೇ ತೆಗೆದುಕೊಂಡು, ಕಪ್ಪುಕಾಯದ ಬದಲು ಭೂಮಿಯ ಮೇಲೆ ಬೀಳುವ ಬಿಸಿಲಿನ ಪ್ರಮಾಣಿತ ರೋಹಿತವನ್ನು ಹಾಕಿ ಲೆಕ್ಕ ಮಾಡಿದರೆ, ಮಿತಿ ಸುಮಾರು ಶೇ 33.7ಕ್ಕೆ ಏರಿ, ಶಿಖರ 1.34 ಇಲೆಕ್ಟ್ರಾನ್ ವೋಲ್ಟಿನ ಹತ್ತಿರ ಬರುತ್ತದೆ. ಈಗ ಅವಳ ಬಳಿ ಇರುವುದು ತನ್ನದೇ ಗ್ರಾಫ್. ಅವಳ ಪ್ರಬಂಧದ ಕೆಲಸಕ್ಕೆ 1961ರದ್ದಕ್ಕಿಂತ ಹೆಚ್ಚು ಹೊಂದುವಂಥದ್ದು. ಕೆಳಗೆ ‘ಶಾಕ್ಲಿ ಮತ್ತು ಕ್ವೈಸರ್ ವಿಧಾನದಂತೆ ಲೆಕ್ಕ ಹಾಕಿದ್ದು’ ಎಂದು ಉಲ್ಲೇಖ ಸಹಿತ ಬರೆದರೆ ಸಾಕು. ವೈವಾದಲ್ಲಿ ಪರೀಕ್ಷಕರು ಆ ಗ್ರಾಫಿನ ಬಗ್ಗೆ ಕೇಳಿದರೂ ಉತ್ತರಿಸಲು ಅವಳಿಗೆ ಧೈರ್ಯ ಇರುತ್ತದೆ.

ಲೆಕ್ಕದಿಂದ ಹುಟ್ಟದ, ಪ್ರಯೋಗದಿಂದ ಬಂದ ಗ್ರಾಫ್ ಆಗಿದ್ದರೂ ಅದರ ಬಿಂದುಗಳ ಬೆಲೆಗಳನ್ನು ಓದಿಕೊಂಡು ಹೊಸದಾಗಿ, ನಮ್ಮದೇ ಅಕ್ಷ, ನಮ್ಮದೇ ಗುರುತುಗಳೊಂದಿಗೆ ಬರೆಯಬಹುದು. ಅಂಕಿಗಳು ಯಾರಿಂದ ಬಂದವು ಎಂಬ ಉಲ್ಲೇಖ ಮಾತ್ರ ತಪ್ಪಬಾರದು. ಮೂಲದ ಮೇಲೆ ತೆಳುಹಾಳೆ ಇಟ್ಟು ತಿದ್ದಿದ ಹಾಗೆ ಅದೇ ರೂಪ, ಅದೇ ಜೋಡಣೆ ಬಂದರೆ ಆಗ ಮತ್ತೆ ಪ್ರಶ್ನೆ ಏಳುತ್ತದೆ. ಇಜಿಮಾ ಅವರ ಫೋಟೊಗೆ ಈ ದಾರಿ ಇಲ್ಲ. ಆ ಫೋಟೊದ ಬೆಲೆ ಇರುವುದೇ ಅದು ಅವತ್ತು ಆ ಉಪಕರಣದಲ್ಲಿ ಕಂಡದ್ದು ಎಂಬುದರಲ್ಲಿ. ಮತ್ತೆ ಬಿಡಿಸಿದರೆ ಅದು ಬರೀ ರೇಖಾಚಿತ್ರ.

ಮೂರನೆಯ ಚಿತ್ರದಲ್ಲಿ ನಿಜವಾದ ಹೊಂಡ ಇದೆ. ಸಮೀಕ್ಷಾ ಲೇಖನಗಳಲ್ಲಿ ಚಿತ್ರಗಳು ಚೆಂದವಾಗಿರುತ್ತವೆ, ವಿದ್ಯಾರ್ಥಿಗಳು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಆದರೆ ಸಮೀಕ್ಷೆ ಎಂದರೆ ಬೇರೆಯವರ ಕೆಲಸವನ್ನು ಒಟ್ಟುಗೂಡಿಸಿ ಹೇಳುವುದು. ಅದರ ಚಿತ್ರಗಳಲ್ಲೂ ಬಹಳಷ್ಟು ಬೇರೆಯವರವೇ. ಅವಳು ಚಿತ್ರದ ಕೆಳಗಿನ ಸಣ್ಣಕ್ಷರವನ್ನು ಕೊನೆಯವರೆಗೂ ಓದಿದರೆ ಅಲ್ಲಿ ‘ಉಲ್ಲೇಖ 42ರಿಂದ ಅನುಮತಿಯೊಂದಿಗೆ ಮಾರ್ಪಡಿಸಿದ್ದು’ ಎಂದು ಕಾಣುತ್ತದೆ. ಅಂದರೆ ಸಮೀಕ್ಷೆಯ ಪ್ರಕಾಶಕರೂ ಒಮ್ಮೆ ಇಂಥದ್ದೇ ಪತ್ರ ಬರೆದು ಅನುಮತಿ ಪಡೆದವರು. ಅವರಿಗೆ ಸಿಕ್ಕಿದ್ದು ತಾವು ಅಚ್ಚು ಹಾಕುವ ಅಪ್ಪಣೆ, ಇನ್ನೊಬ್ಬರಿಗೆ ದಾಟಿಸುವ ಅಪ್ಪಣೆ ಅಲ್ಲ. ವಿಚಿತ್ರವೆಂದರೆ, ಅವರ ಫಾರಂ ತುಂಬಿದರೆ ಗಣಕ ಇದನ್ನು ಗಮನಿಸುವುದಿಲ್ಲ. ಲೈಸೆನ್ಸ್ ಸಂಖ್ಯೆ ಕೊಟ್ಟೇಬಿಡುತ್ತದೆ. ಷರತ್ತುಗಳ ನಡುವೆ ಎಲ್ಲೋ ಒಂದು ಸಾಲಿರುತ್ತದೆ: ಬೇರೆ ಮೂಲಕ್ಕೆ ಕೃತಜ್ಞತೆ ಹೇಳಿ ಪ್ರಕಟಿಸಿದ ಚಿತ್ರಗಳಿಗೆ ಆ ಮೂಲದಿಂದಲೂ ಅನುಮತಿ ಪಡೆಯತಕ್ಕದ್ದು. ಕೈಯಲ್ಲಿ ಕಾಗದ ಇದೆ, ಆದರೆ ಅದು ಬೇಕಾದ ವಸ್ತುವಿನದಲ್ಲ. ಸಿಸಿ ಬೈ ಗುರುತಿರುವ ಮುಕ್ತ ಲೇಖನದೊಳಗೂ ಇದೇ ಕತೆ. ಲೇಖನಕ್ಕೆ ಇರುವ ಮುಕ್ತಿ ಅದರೊಳಗೆ ಎರವಲು ಬಂದ ಚಿತ್ರಕ್ಕೆ ತಾನಾಗಿಯೇ ಅನ್ವಯಿಸುವುದಿಲ್ಲ.

ಹಾಗಾಗಿ ಅವಳು ಉಲ್ಲೇಖ 42ಕ್ಕೆ ಹೋಗಬೇಕು. ಅದು ಸಣ್ಣ ವಿದ್ವತ್ ಸಂಘವೊಂದರ ಪತ್ರಿಕೆ ಎಂದಿಟ್ಟುಕೊಳ್ಳಿ. ರೈಟ್ಸ್‌ಲಿಂಕ್ ಇಲ್ಲ, ಫಾರಂ ಇಲ್ಲ, ಒಂದು ಇಮೇಲ್ ವಿಳಾಸ ಇದೆ. ಮೇಲಿನ ಪತ್ರ ಅಕ್ಷರಶಃ ಬೇಕಾಗುವುದು ಇಲ್ಲಿ. ಇಂಥ ಕಡೆ ಉತ್ತರಿಸುವವರು ಗೌರವ ಸಂಪಾದಕರೋ ಕಾರ್ಯದರ್ಶಿಯೋ ಆಗಿರುತ್ತಾರೆ, ಬೇರೆ ಕೆಲಸಗಳ ನಡುವೆ ಇಮೇಲ್ ನೋಡುವವರು. ವಾರಗಳೇ ಹಿಡಿಯಬಹುದು. ಪ್ರಬಂಧ ಸಲ್ಲಿಸಲು ಹತ್ತು ದಿನ ಇದೆ ಎನ್ನುವಾಗ ಈ ಪತ್ರ ಹೊರಟರೆ ಪ್ರಯೋಜನವಿಲ್ಲ. ಚಿತ್ರವನ್ನು ಕರಡಿನಲ್ಲಿ ಮೊದಲ ಸಲ ಅಂಟಿಸಿದ ದಿನವೇ ಬರೆಯುವುದು ಸರಿ. ಉತ್ತರ ಬಂದು, ಅದರಲ್ಲಿ ಬರೀ “ಆಗಲಿ” ಎಂದಿದ್ದರೂ ಸಾಕು, ಅದು ಅವಳ ವಿವರವಾದ ಪತ್ರದ ಕೆಳಗೇ ಇದ್ದರೆ. ಯಾವುದಕ್ಕೆ ಆಗಲಿ ಎಂದರು ಎಂಬುದಕ್ಕೆ ಆ ಪತ್ರವೇ ಸಾಕ್ಷಿ. ಫೋನಿನಲ್ಲಿ ಸಿಕ್ಕ ಒಪ್ಪಿಗೆಗೆ ಅಂಥ ಸಾಕ್ಷಿ ಇರುವುದಿಲ್ಲ.

ಇಷ್ಟು ಓದಿದವರು ಕೇಳಬಹುದು: ಸಂಶೋಧನೆಗೆಂದು ನಮ್ಮ ಕಾನೂನಿನಲ್ಲೇ ವಿನಾಯಿತಿ ಇದೆಯಲ್ಲ? ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಸಂಶೋಧನೆಯೂ ಸೇರಿದಂತೆ ಸ್ವಂತ ಬಳಕೆಗೆ, ಹಾಗೂ ವಿಮರ್ಶೆಗೆ, ನ್ಯಾಯೋಚಿತವಾಗಿ ಕೃತಿಯನ್ನು ಬಳಸಿದರೆ ಉಲ್ಲಂಘನೆಯಲ್ಲ ಎನ್ನುತ್ತದೆ. ಚಿತ್ರವನ್ನು ಹಾಕಿ, ಅದನ್ನೇ ಎದುರಿಟ್ಟುಕೊಂಡು ಎರಡು ಪುಟ ಚರ್ಚಿಸುವ ಪ್ರಬಂಧಕ್ಕೆ ಈ ಸೆಕ್ಷನ್ ಗಟ್ಟಿ ಆಸರೆಯೆಂದೇ ನನ್ನ ಅಭಿಪ್ರಾಯ. ಪುಟ ತುಂಬಲು ಅಲಂಕಾರವಾಗಿ ಹಾಕಿದ ಚಿತ್ರಕ್ಕೆ ಅಷ್ಟು ಗಟ್ಟಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಈ ವಿನಾಯಿತಿ ಆಕ್ಷೇಪ ಬಂದ ಮೇಲೆ ವಾದಿಸಿ ಗೆಲ್ಲಬೇಕಾದ್ದು. ಹತ್ತು ನಿಮಿಷದಲ್ಲಿ, ಸೊನ್ನೆ ಡಾಲರಿಗೆ ಕಾಗದ ಸಿಗುವಾಗ ವಾದವನ್ನು ಕೈಕಾವಲಿಗೆ ಇಟ್ಟುಕೊಳ್ಳುವುದೇ ಒಳ್ಳೆಯದು. ಸಣ್ಣ ಪತ್ರಿಕೆಯ ಸಂಪಾದಕರು ಎಷ್ಟು ಬರೆದರೂ ಉತ್ತರಿಸದಿದ್ದಾಗ ಆ ಕಾವಲು ನೆನಪಾದರೆ ತಪ್ಪಿಲ್ಲ. ಆದರೆ ಆಗಲೂ ಮೊದಲು ನೋಡಬೇಕಾದದ್ದು ಚಿತ್ರವನ್ನು ತಾನೇ ಹೊಸದಾಗಿ ಬಿಡಿಸಬಹುದೇ, ಇಲ್ಲವೇ ಸಿಸಿ ಬೈ ಗುರುತಿನ ಇನ್ನೊಂದು ಚಿತ್ರ ಸಿಗುತ್ತದೆಯೇ ಎಂದು. ಕೋಶದ ಒಳರಚನೆಯ ಚಿತ್ರವಾದರೆ, ತನ್ನ ಕೋಶದ ರಚನೆಯನ್ನು ತಾನೇ ಬಿಡಿಸುವುದಕ್ಕಿಂತ ಸರಿಯಾದದ್ದು ಯಾವುದಿದೆ?

ಅನುಮತಿ ಬಂದ ಮೇಲೆ ಕೆಲಸ ಸ್ವಲ್ಪವೇ. ಪ್ರಕಾಶಕರು ಹೇಳಿದ ಸಾಲು ಚಿತ್ರದ ಕೆಳಗೇ ಬರಬೇಕು, ಕೊನೆಯ ಪುಟದ ಕೃತಜ್ಞತೆಯಲ್ಲಿ ಅಲ್ಲ. ಲೈಸೆನ್ಸಿನ ಪಿಡಿಎಫ್‌ಗಳು, ಉತ್ತರದ ಇಮೇಲ್‌ಗಳು ಅನುಬಂಧಕ್ಕೆ ಹೋಗಬಹುದು, ಇಲ್ಲವೇ ಕೇಳಿದಾಗ ತೋರಿಸುವಂತೆ ಒಂದೇ ಕಡೆ ಇರಬೇಕು.

ಪದವಿ ಬಂದ ಕೆಲವೇ ತಿಂಗಳಲ್ಲಿ ಅವಳಿಗೆ ಒಂದು ಇಮೇಲ್ ಬರುವ ಸಾಧ್ಯತೆ ಬಹಳ: ನಿಮ್ಮ ಪ್ರಬಂಧವನ್ನು ಖರ್ಚಿಲ್ಲದೆ ಪುಸ್ತಕ ಮಾಡಿಕೊಡುತ್ತೇವೆ, ಪಿಡಿಎಫ್ ಕಳಿಸಿ. ಪ್ರಬಂಧಗಳ ಹೆಸರನ್ನು ಭಂಡಾರಗಳಿಂದ ಹೆಕ್ಕಿ ಇಂಥ ಪತ್ರ ಬರೆಯುವುದೇ ಕೆಲವರ ವ್ಯಾಪಾರ. ಅವಳು ಆ ಇಮೇಲಿಗೆ ಉತ್ತರಿಸುವ ಮೊದಲು ಇಜಿಮಾ ಚಿತ್ರದ ಲೈಸೆನ್ಸನ್ನು ತೆರೆದು ನೋಡಬೇಕು. ಅಲ್ಲಿರುವುದು ಪ್ರಬಂಧಕ್ಕೆ ಕೊಟ್ಟ ಅಪ್ಪಣೆ. ಮಾರಾಟದ ಪುಸ್ತಕ ಎಂದರೆ ಹೊಸ ಬಳಕೆ, ಹೊಸ ಅರ್ಜಿ, ಈ ಸಲ ಬಹುಶಃ ಶುಲ್ಕ. ಪತ್ರ ಅದೇ, ಬದಲಾಗುವುದು ‘ಪ್ರಬಂಧ ಮಾರಾಟಕ್ಕಲ್ಲ’ ಎಂಬ ಒಂದು ಸಾಲು.